ಫೌಂಡೆಡ್ ನಿಯರ್ ಲಿಫ್ಟ್

ಲಿಫ್ಟಿನ ಪಕ್ಕದ ಬೋರ್ಡಿನ ಮೇಲೆ ಹೊಸ ನೋಟಿಸ್: ‘ಒನ್ ಕೀ ಬಂಚ್ ಫೌಂಡೆಡ್ ನಿಯರ್ ಲಿಫ್ಟ್.’ ಅಂದರೆ ಲಿಫ್ಟಿನ ಹತ್ತಿರ ಒಂದು ಬೀಗದಕೈ ಗೊಂಚಲನ್ನು ಸ್ಥಾಪಿಸಲಾಗಿದೆ. ಶಂಕುಸ್ಥಾಪನೆಗೆ ಯಾರು ಬಂದಿದ್ದರು, ಕಾಯಿ ಯಾರು ಒಡೆದರು ಅನ್ನುವ ವಿವರ ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು: ‘ಮೋಟರ್ ಹ್ಯಾಸ್ ಬ್ರೋಕ್.’ ನಲ್ಲಿಯಲ್ಲಿ ನೀರಿಲ್ಲ ಅನ್ನುವುದಕ್ಕಿಂತ ಆ ‘ಬ್ರೋಕ್’ ನೋಡಿಯೇ ಮೈ ಉರಿಯುವವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಕಷ್ಟ ಕೇಳುವವರಿಲ್ಲ.

‘ಟೀಚ್ಡ್’, ‘ಗಿವ್ಡ್’ ಇಂಥವು ಪಾಪದ ತಪ್ಪುಗಳು. ಟೈಪ್ ಮಾಡಿದ ಕೂಡಲೇ ಕೆಳಗೆ ಕೆಂಪು ಗೆರೆ ಬರುತ್ತದೆ. ಟಾಟ್, ಗೇವ್ ಎಂದು ತಿದ್ದಿಕೊಂಡರೆ ಮುಗಿಯಿತು. ನಿಜವಾದ ಕಳ್ಳರು ಕೆಂಪು ಗೆರೆ ಬಾರದವು, ಯಾಕೆಂದರೆ ಆ ತಪ್ಪು ರೂಪ ಇನ್ನಾವುದೋ ಕ್ರಿಯಾಪದದ ಸರಿಯಾದ ರೂಪವಾಗಿರುತ್ತದೆ. ಫೈಂಡ್‌ನ ಭೂತಕಾಲ ಫೌಂಡ್. ಆದರೆ ಫೌಂಡ್ ಅನ್ನುವ ಇನ್ನೊಂದು ಕ್ರಿಯಾಪದವೇ ಇದೆ, ಸ್ಥಾಪಿಸು ಎಂದು ಅರ್ಥ. ಫೌಂಡೆಡ್ ಅದರ ಆಸ್ತಿ. ಬೈಕಿನಿಂದ ಬಿದ್ದವನು ‘ಐ ಫೆಲ್ಡ್’ ಎಂದು ಬರೆದರೆ ಅವನು ಬಿದ್ದಿಲ್ಲ, ಮರ ಕಡಿದು ಉರುಳಿಸಿದ್ದಾನೆ. ಬಿದ್ದವನಿಗೆ ಫೆಲ್ ಸಾಕು.

ಇವೆಲ್ಲಕ್ಕೂ ತಲೆಯ ಮೇಲೆ ಹೊಡೆದಂಥದ್ದು ರಜಾ ಅರ್ಜಿಯಲ್ಲಿ ಸಿಗುತ್ತದೆ: ‘ಡ್ಯೂ ಟು ಫೀವರ್ ಐ ಲೈಡ್ ಆನ್ ದಿ ಬೆಡ್ ಫಾರ್ ಟೂ ಡೇಸ್.’ ಜ್ವರದ ಕಾರಣ ಎರಡು ದಿನ ಹಾಸಿಗೆಯ ಮೇಲೆ ಸುಳ್ಳು ಹೇಳಿದೆ! ಇಷ್ಟು ಪ್ರಾಮಾಣಿಕವಾದ ರಜಾ ಅರ್ಜಿಯನ್ನು ಯಾವ ಮ್ಯಾನೇಜರ್ ತಾನೇ ತಿರಸ್ಕರಿಸಿಯಾನು? ಮಲಗುವ ‘ಲೈ’ಗೆ ಲೇ, ಲೇನ್, ಸುಳ್ಳು ಹೇಳುವ ‘ಲೈ’ಗೆ ಲೈಡ್, ಲೈಡ್. ಅಷ್ಟಕ್ಕೇ ಬಿಡದೆ, ಮಲಗುವ ಲೈ ತನ್ನ ಭೂತಕಾಲವಾದ ‘ಲೇ’ಯನ್ನು ಇನ್ನೊಂದು ಕ್ರಿಯಾಪದದ ಜೊತೆ ಹಂಚಿಕೊಂಡಿದೆ. ಆ ಲೇ ಅಂದರೆ ಇಡು, ಹಾಸು. ಅದರ ರೂಪಗಳು ಲೇಯ್ಡ್, ಲೇಯ್ಡ್. ಬಿಡಿಸಿಕೊಳ್ಳುವ ದಾರಿ ಒಂದೇ. ‘ಏನನ್ನು?’ ಎಂದು ಕೇಳಿ. ಉತ್ತರ ಇದ್ದರೆ ಲೇಯ್ಡ್: ಗಾರೆಯವರು ಟೈಲ್ಸ್ ಹಾಸಿದರು, ಕೋಳಿ ಮೊಟ್ಟೆ ಇಟ್ಟಿತು. ಉತ್ತರ ಇಲ್ಲದಿದ್ದರೆ, ಅಂದರೆ ಜ್ವರದವನು ಸುಮ್ಮನೆ ಬಿದ್ದುಕೊಂಡಿದ್ದರೆ, ಲೇ. ಇದು ಕಷ್ಟ ಅನಿಸಿದರೆ ‘ಐ ವಾಸ್ ಇನ್ ಬೆಡ್’ ಎಂದು ಬರೆದು ರಜೆ ತಗೊಳ್ಳಿ, ಗೌರವವೂ ಉಳಿಯುತ್ತದೆ.

ಮತ್ತೆ ನೋಟಿಸ್ ಬರೆಯುವ ಕಾರ್ಯದರ್ಶಿಗಳ ಕಡೆ ಬರೋಣ. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಮಾಡದ ಮನುಷ್ಯ. ಕ್ರಿಯಾಪದಗಳಿಗೂ ಅದೇ ಶಿಸ್ತು: ಎಲ್ಲರಿಗೂ ಸಮಾನವಾಗಿ ಒಂದೊಂದು ‘ಎಡ್’. ಪೈಪ್ ಕಟ್ಟೆಡ್, ಲಾಕ್ ಪುಟ್ಟೆಡ್, ರಿಪೇರಿ ಕಾಸ್ಟೆಡ್ 4,500 ರೂಪಾಯಿ. ಯಾರೋ ಧೈರ್ಯ ಮಾಡಿ ಹೇಳಿದರು: ‘ಸಾರ್, ಕಟ್, ಪುಟ್, ಕಾಸ್ಟ್, ಶಟ್, ಹರ್ಟ್, ಇವು ಮೂರು ಕಾಲಕ್ಕೂ ಒಂದೇ ಥರ ಇರ್ತವೆ, ಎಡ್ ಬೇಡ.’ ಕಾರ್ಯದರ್ಶಿಗಳು ಒಪ್ಪಿದರು. ಮುಂದಿನ ನೋಟಿಸ್: ‘ಗಾರ್ಬೇಜ್ ವಾಸ್ ನಾಟ್ ಕಲೆಕ್ಟ್.’ ಎಡ್ ಬೇಡ ಅಂದರಲ್ಲ, ಸಾರಾಸಗಟಾಗಿ ತೆಗೆದಿದ್ದರು. ಇನ್ನೊಬ್ಬರು ಗಿವನ್, ಟೇಕನ್, ಬ್ರೋಕನ್ ಅಂತ ಹೇಳಿಕೊಟ್ಟರು. ಆಮೇಲೆ ಬಂದದ್ದು ‘ನ್ಯೂ ಬಲ್ಬ್ ವಾಸ್ ಬಾಟನ್ ಆ್ಯಂಡ್ ಪುಟ್ಟನ್.’ ಈಗ ತಿದ್ದುವವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. (ನ್ಯಾಯವಾಗಿ ಹೇಳಬೇಕೆಂದರೆ, ಕಾಸ್ಟೆಡ್ ಅನ್ನುವುದು ಒಂದು ಕಡೆ ಸರಿ. ಕೆಲಸ ಶುರುವಾಗುವ ಮೊದಲು ಅದರ ಖರ್ಚನ್ನು ಲೆಕ್ಕ ಹಾಕಿದರೆ ಆ ಕೆಲಸ ಕಾಸ್ಟೆಡ್. ಆದರೆ ನಮ್ಮಲ್ಲಿ ಹಾಗೆ ಮೊದಲೇ ಲೆಕ್ಕ ಹಾಕುವವರು ಯಾರು?)

ತಪ್ಪು ಅವರೊಬ್ಬರದಲ್ಲ. ಶಾಲೆಯಲ್ಲಿ ಈ ಕ್ರಿಯಾಪದಗಳ ಮೂರು ರೂಪಗಳ ಪಟ್ಟಿಯನ್ನು ಎ, ಬಿ, ಸಿ ಕ್ರಮದಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಮೊದಲಿಗೆ ಅರೈಸ್, ಅರೋಸ್, ಅರಿಸನ್. ಹಾಲಿನಂಗಡಿಯಲ್ಲಿ ಯಾರಿಗಾದರೂ ಅರಿಸನ್ ಬೇಕಾದದ್ದುಂಟೆ? ರಾಗ ನೆನಪಿರುತ್ತದೆ, ಮೂರನೆಯ ರೂಪ ರಾಗದಲ್ಲೇ ಕರಗಿಹೋಗುತ್ತದೆ. ಅದರ ಬದಲು ಗುಂಪು ಮಾಡಿ ಕಲಿತರೆ ನಿಲ್ಲುತ್ತದೆ. ಮೂರೂ ಒಂದೇ: ಕಟ್, ಕಟ್, ಕಟ್. ಕೊನೆಯ ಎರಡು ಒಂದೇ: ಟೀಚ್, ಟಾಟ್, ಟಾಟ್, ಇದೇ ಸಾಲಿನಲ್ಲಿ ಬ್ರಿಂಗ್, ಬೈ, ಥಿಂಕ್, ಕ್ಯಾಚ್. ಮೂರನೆಯದು ಮೊದಲನೆಯದಕ್ಕೇ ವಾಪಸ್: ಕಮ್, ಕೇಮ್, ಕಮ್, ರನ್, ರ‍್ಯಾನ್, ರನ್. ಮೂರೂ ಬೇರೆ: ಗಿವ್, ಗೇವ್, ಗಿವನ್, ರೈಟ್, ರೋಟ್, ರಿಟನ್. ನೋಟಿಸುಗಳು ಎಡವುವುದು ಬಹುಪಾಲು ಈ ಕೊನೆಯ ಗುಂಪಿನಲ್ಲೇ, ಯಾಕೆಂದರೆ ಎರಡನೆಯದೋ ಮೂರನೆಯದೋ ಎಂದು ಆರಿಸಬೇಕಾಗುತ್ತದೆ.

ಆರಿಸಲಾಗದೆ ನಿಂತಾಗ ಆ ಜಾಗದಲ್ಲಿ ‘ಸೀ’ಯನ್ನು ಕೂರಿಸಿ ನೋಡಿ. ‘ಮೋಟರ್ ಹ್ಯಾಸ್ ಸಾ’ ಅಂದರೆ ಕಿವಿಗೇ ಕಸಿವಿಸಿ. ‘ಹ್ಯಾಸ್ ಸೀನ್’ ಸರಾಗ. ಅರ್ಥ ಹಾಳಾಗಲಿ, ಮೋಟರಿಗೆ ಕಣ್ಣಿಲ್ಲ ಅನ್ನುವುದು ಬೇರೆ ಮಾತು. ಸೀನ್ ಹಿಡಿಸಿತು ಅಂದರೆ ಅಲ್ಲಿ ಮೂರನೆಯ ರೂಪ ಬೇಕು, ಬ್ರೋಕನ್. ಹ್ಯಾವ್, ಹ್ಯಾಸ್, ಹ್ಯಾಡ್ ಆದ ಮೇಲೂ, ‘ವಾಸ್ ಗಿವನ್’ ಎಂಬಂತೆ ಯಾರೋ ಮಾಡಿದ್ದನ್ನು ಹೇಳುವಾಗಲೂ ಹೀಗೇ. ‘ಡಿಡ್ ನಾಟ್ ಕೇಮ್’ನದು ಬೇರೆ ರೋಗ. ಡಿಡ್ ಆಗಲೇ ಭೂತಕಾಲದ ಹೊರೆ ಹೊತ್ತಿದೆ, ಕಮ್ ಕೈಬೀಸಿಕೊಂಡು ಬರಬಹುದು.

ಇಂಗ್ಲಿಷನ್ನು ಬೈಯುವ ಮೊದಲು ಒಂದು ಮಾತು. ಬೆಂಗಳೂರಿಗೆ ಹೊಸದಾಗಿ ಬಂದು ಕನ್ನಡ ಕಲಿಯುವವರು ‘ನಾನು ದುಡ್ಡು ಕೊಡಿದೆ’ ಅಂದರೆ ನಾವು ನಗುತ್ತೇವೆ. ಮಾಡು ಮಾಡಿದೆ, ನೋಡು ನೋಡಿದೆ, ಹಾಡು ಹಾಡಿದೆ ಆದಮೇಲೆ ಕೊಡು ಯಾಕೆ ಕೊಟ್ಟೆ? ಕೊಡು, ಬಿಡು, ಇಡು, ಸುಡು, ನೆಡು ಇವುಗಳ ಮೊದಲ ಸ್ವರ ಹ್ರಸ್ವ, ಅದಕ್ಕೇ ಕೊಟ್ಟೆ, ಬಿಟ್ಟೆ, ಇಟ್ಟೆ. ದೀರ್ಘವಾದರೆ ‘ಇದೆ’ ಸೇರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಟೀಚ್ ವಿಷಯದಲ್ಲಿ ಇಂಥ ಸುಳಿವೂ ಇಲ್ಲ. ಟೀಚ್ ಟಾಟ್ ಆದರೆ ರೀಚ್ ಯಾಕೆ ರೀಚ್ಡ್? ಹಿಂದೆ ಅದಕ್ಕೂ ‘ರಾಟ್’ ಎಂಬ ರೂಪ ಇತ್ತು, ಬಳಕೆ ತಪ್ಪಿ ಸತ್ತಿತು. ಇವತ್ತು ಟೀಚ್ಡ್ ಅನ್ನುವ ಹುಡುಗ ಟೀಚ್‌ಗೆ ಮಾಡುತ್ತಿರುವುದು ಇಂಗ್ಲಿಷರೇ ರೀಚ್‌ಗೆ ಮಾಡಿದ್ದನ್ನು. ಅವರಿಗೆ ಅದು ಇತಿಹಾಸ, ಇವನಿಗೆ ಅರ್ಧ ಮಾರ್ಕು ಕಡಿತ.

ಹೆಲ್ಪ್‌ಗೂ ಹೋಲ್ಪನ್ ಎಂಬ ರೂಪ ಇತ್ತು, 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಈಗಲೂ ಕಾಣಬಹುದು. ಒಂದು ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಪದ ಹೀಗೆ ಹಾಳೆಯೊಳಗೆ ಒಂಟಿಯಾಗಿ ಉಳಿದಿರುವುದನ್ನು ನೋಡಿದರೆ ಸ್ವಲ್ಪ ಬೇಜಾರೇ ಆಗುತ್ತದೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೆಲವು ಸಂಶೋಧಕರು ಇದರ ಲೆಕ್ಕ ಹಾಕಿದ್ದರು. ಹಳೆಯ ಇಂಗ್ಲಿಷಿನ 177 ವಕ್ರ ಕ್ರಿಯಾಪದಗಳನ್ನು ಹಿಡಿದು ನೋಡಿದರೆ, ಇವತ್ತಿಗೂ ವಕ್ರವಾಗಿ ಉಳಿದವು 98. ಬಾಯಲ್ಲಿ ಸದಾ ಓಡಾಡುವ ಗೋ, ಸೇ, ಟೇಕ್ ಸೊಟ್ಟಗೇ ಉಳಿಯುತ್ತವೆ. ಅಪರೂಪಕ್ಕೆ ಬರುವವು ಎಡ್ ಹಚ್ಚಿಕೊಂಡು ನೆಟ್ಟಗಾಗುತ್ತವೆ. ಮುಂದಿನ ಸರದಿ ‘ವೆಡ್’ನದು, ಅದು ಪೂರ್ತಿ ವೆಡ್ಡೆಡ್ ಆಗಬಹುದು ಅನ್ನುವುದು ಅವರ ಅಂದಾಜು. ಇದರಿಂದ ನಮಗೆ ನಷ್ಟವಿಲ್ಲ. ನಮ್ಮ ಕಲ್ಯಾಣ ಮಂಟಪಗಳ ಬಾಗಿಲಲ್ಲಿ ಹೂವಿನಲ್ಲಿ ಬರೆಯುವುದು ‘ವೆಡ್ಸ್’ ಮಾತ್ರ, ಮಾರನೆಯ ದಿನ ಆ ಬೋರ್ಡನ್ನು ಭೂತಕಾಲಕ್ಕೆ ತಿದ್ದುವವರು ಯಾರೂ ಇಲ್ಲ.