ಅಳತೆಗೋಲು ಎರಡಾದಾಗ
ಚೌಕಾಸಿಯಲ್ಲಿ ಹಟ ಬಿಟ್ಟು, ಹೊರಗಿನ ಒಂದು ಮಾನದಂಡ ಇಟ್ಟುಕೊಂಡು ತೀರ್ಮಾನಿಸಿ ಅಂದರೆ ಈ ಪ್ರಶ್ನೆ ಬರುತ್ತದೆ: "ಇಬ್ಬರೂ ತಮಗೆ ಬೇಕಾದ ಮಾನದಂಡವನ್ನೇ ಹಿಡಿದುಕೊಂಡು ಬಂದರೆ? ಮತ್ತೆ ಅದೇ ಜಗಳ ಅಲ್ವಾ?"

ಜಗಳ ಇರುತ್ತದೆ, ಆದರೆ ಚಿಕ್ಕದಾಗುತ್ತದೆ. ಪಾಲುದಾರರಿಬ್ಬರು ಬೇರೆಯಾಗುತ್ತಿದ್ದಾರೆ, ಒಂದು ಹಳೇ ಯಂತ್ರದ ಬೆಲೆ ಕಟ್ಟಬೇಕು ಅಂದುಕೊಳ್ಳಿ. ಹೊಸದಾಗಿದ್ದಾಗ 100 ಕೊಟ್ಟಿದ್ದರು. ಬಿಡುವವನು 80 ಕೇಳುತ್ತಾನೆ, ಇಟ್ಟುಕೊಳ್ಳುವವನು 40 ಅನ್ನುತ್ತಾನೆ. ಯಾಕೆ ಅಂತ ಕೇಳಿದರೆ ಇಬ್ಬರ ಹತ್ತಿರವೂ ಉತ್ತರವಿಲ್ಲ, ಸುಮ್ನೆ ಹಟ. ಈಗ ಲೆಕ್ಕ ಹಾಕಿ. ಯಂತ್ರದ ಆಯಸ್ಸು 10 ವರ್ಷ, 4 ವರ್ಷ ಸವೆದಿದೆ, ಆ ಸವಕಳಿ ಕಳೆದರೆ ಲೆಕ್ಕಪುಸ್ತಕದಲ್ಲಿ ಉಳಿಯುವ ಬೆಲೆ 60. ಅಷ್ಟೇ ಹಳೆಯ ಯಂತ್ರ ಮಾರುಕಟ್ಟೆಯಲ್ಲಿ 50ಕ್ಕೆ ಸಿಗುತ್ತದೆ. ಮಾನದಂಡ ಎರಡು, ನಿಜ. ಆದರೆ 40ರ ಅಂತರ 10ಕ್ಕೆ ಇಳಿಯಿತು.

ಉಳಿದ 10ಕ್ಕೆ ಬೆಲೆಯ ಮಾತು ಬಿಟ್ಟು ವಿಧಾನದ ಮಾತಾಡಬೇಕು. ಇಬ್ಬರೂ ತಾವು ನಂಬುವ ಮೌಲ್ಯಮಾಪಕರ ಹೆಸರು ಬರೆಯಲಿ, ಎರಡೂ ಪಟ್ಟಿಯಲ್ಲಿರುವವರನ್ನು ಕರೆಸಲಿ. ಅವರು ಹೇಳಿದ್ದನ್ನು ಒಪ್ಪುತ್ತೇವೆ ಅಂತ ಮೊದಲೇ ಬರೆದುಕೊಳ್ಳಬೇಕು. ಅಂಕಿ ಬಂದಮೇಲೆ ಸೋತವನು ಯಾಕೆ ಸಹಿ ಹಾಕುತ್ತಾನೆ ಹೇಳಿ!

ಎದುರಿನವರ ಮಾನದಂಡ ನಿಜವೋ ನೆಪವೋ ತಿಳಿಯಬೇಕಾ? "ನೀವೇ ಬಿಡುವವರಾಗಿದ್ದರೆ ಇದೇ ಲೆಕ್ಕ ಒಪ್ಪುತ್ತಿದ್ದಿರಾ?" ಅಂತ ಕೇಳಿ. ತಡವರಿಸಿದರೆ ಅದು ನೆಪವೇ ಇರಬಹುದು. ಆದರೆ ಬೇಗ ಮುಗಿಸುವ ಅಗತ್ಯವೇ ಇಲ್ಲದವರ ಮುಂದೆ ಇದೆಲ್ಲ ಜಾಸ್ತಿ ನಡೆಯುವುದಿಲ್ಲ.