ಡೈಮಂಡ್ ನೋಡಿ ನಂಬಬೇಡಿ, ಮೊದಲು ತೂಕ ನೋಡಿ

ಹಲವು ಟ್ರಯಲ್‌ಗಳ ಫಲಿತಾಂಶ ಒಟ್ಟುಗೂಡಿಸಿದ ಮೆಟಾ-ಅನಾಲಿಸಿಸ್ ಇದೆ ಅಂದ ಕೂಡಲೇ ನಮ್ಮಲ್ಲಿ ಚರ್ಚೆ ನಿಂತುಬಿಡುತ್ತದೆ. ದಾವಣಗೆರೆಯಲ್ಲಿ ಪಿಜಿ ವಿದ್ಯಾರ್ಥಿಗಳಿಗೆ ಅಂಕಿಅಂಶ ಹೇಳಿಕೊಡುವ ನನಗೆ ಇದು ಪ್ರತಿ ಜರ್ನಲ್ ಕ್ಲಬ್‌ನಲ್ಲೂ ಕಾಣುತ್ತದೆ. ಪ್ರತಿ ಟ್ರಯಲ್‌ನ ಉತ್ತರವನ್ನೂ ಒಂದೊಂದು ಸಾಲಾಗಿ ತೋರಿಸುವ ಫಾರೆಸ್ಟ್ ಪ್ಲಾಟ್‌ನ ಸ್ಲೈಡ್ ಹಾಕುತ್ತಾರೆ. ಕೆಳಗಿರುವ ಡೈಮಂಡ್, ಅಂದರೆ ಎಲ್ಲ ಸೇರಿದ ಉತ್ತರ, ವ್ಯತ್ಯಾಸ ಇಲ್ಲ ಅನ್ನುವ ಮಧ್ಯದ ಗೆರೆಗೆ ತಾಗಿಲ್ಲ ಅಂತ ತೋರಿಸುತ್ತಾರೆ. "ಸೋ ಸರ್, ಡ್ರಗ್ ವರ್ಕ್ಸ್" ಅಂತ ಮುಂದಿನ ಸ್ಲೈಡ್‌ಗೆ ಹೋಗುತ್ತಾರೆ. ಆ ಡೈಮಂಡ್ ಹೇಗೆ ಬಂತು, ಯಾವ ಟ್ರಯಲ್ ಅದನ್ನು ಎಳೆಯಿತು, ಯಾವ ಟ್ರಯಲ್ ಅಲ್ಲಿ ಇಲ್ಲವೇ ಇಲ್ಲ ಅಂತ ಯಾರೂ ಕೇಳುವುದಿಲ್ಲ. ಡೈಮಂಡನ್ನು ಕೊನೆಗೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಮೆಗ್ನೀಸಿಯಂ ಕಥೆ ಇಟ್ಟುಕೊಂಡು ಹೇಳುತ್ತೇನೆ. ಡಾಕ್ಟರ್ ಅಲ್ಲದ ಗೆಳೆಯರಿಗೂ ಅರ್ಥವಾಗುತ್ತದೆ, ಸ್ವಲ್ಪ ನಿಧಾನವಾಗಿ ಓದಿ.

ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತನಾಳದ ಮೂಲಕ ಮೆಗ್ನೀಸಿಯಂ ಕೊಟ್ಟರೆ ಸಾವು ಕಡಿಮೆ ಆಗುತ್ತದಾ? 1980ರ ದಶಕದಲ್ಲಿ ಈ ಪ್ರಶ್ನೆ ಇಟ್ಟುಕೊಂಡು ಹಲವು ಸಣ್ಣ ಟ್ರಯಲ್‌ಗಳು ನಡೆದವು. 1991ರಲ್ಲಿ ಅಂಥ ಏಳನ್ನು ಒಟ್ಟುಗೂಡಿಸಿ ಒಂದು ಮೆಟಾ-ಅನಾಲಿಸಿಸ್ ಬಂತು. ಮೆಗ್ನೀಸಿಯಂ ಪಡೆದ 657 ಜನರಲ್ಲಿ 25 ಸಾವು, ಪಡೆಯದ 644 ಜನರಲ್ಲಿ 53 ಸಾವು. ಸಾವಿನ ಆಡ್ಸ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮರುವರ್ಷ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಿಮಿಟ್-2 ಅನ್ನುವ ಸ್ವಲ್ಪ ದೊಡ್ಡ ಟ್ರಯಲ್ ಬಂತು, ಅದೂ ಲಾಭ ತೋರಿಸಿತು. ಮದ್ದು ಅಗ್ಗ, ಸುರಕ್ಷಿತ, ಕೊಡುವುದೂ ಸುಲಭ ಅಂತ 1993ರಲ್ಲಿ ಒಳ್ಳೊಳ್ಳೆ ಹೃದ್ರೋಗ ತಜ್ಞರೇ ಬರೆದರು. ಆಮೇಲೆ 1995ರಲ್ಲಿ ಐಸಿಸ್-4 ಪ್ರಕಟವಾಯಿತು. 58,000 ರೋಗಿಗಳು. ಮೆಗ್ನೀಸಿಯಂ ಗುಂಪಿನ 29,011 ಜನರಲ್ಲಿ 2,216 ಸಾವು, ಇನ್ನೊಂದು ಗುಂಪಿನ 29,039 ಜನರಲ್ಲಿ 2,103 ಸಾವು. ಲಾಭ ಏನೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಸತ್ತವರ ಸಂಖ್ಯೆಯನ್ನು ಬದುಕಿದವರ ಸಂಖ್ಯೆಯಿಂದ ಭಾಗಿಸಿದರೆ ಆಡ್ಸ್ ಸಿಗುತ್ತದೆ. ಲಿಮಿಟ್-2ರಲ್ಲಿ ಮೆಗ್ನೀಸಿಯಂ ಪಡೆದ 1,159 ಜನರಲ್ಲಿ 90 ಸಾವು, ಹಾಗಾಗಿ ಆಡ್ಸ್ 90/1069. ಇನ್ನೊಂದು ಗುಂಪಿನ 1,157 ಜನರಲ್ಲಿ 118 ಸಾವು, ಆಡ್ಸ್ 118/1039. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಡ್ಸ್ ರೇಷಿಯೋ 0.74. ಇದೇ ಈ ಟ್ರಯಲ್‌ನ ಎಫೆಕ್ಟ್ ಸೈಜ್. 1 ಬಂದರೆ ವ್ಯತ್ಯಾಸ ಇಲ್ಲ, 1ಕ್ಕಿಂತ ಕಡಿಮೆ ಬಂದರೆ ಮದ್ದಿನ ಪರ. ಒಟ್ಟುಗೂಡಿಸುವಾಗ ಈ ಸಂಖ್ಯೆಯ ಲಾಗ್ ತೆಗೆದುಕೊಳ್ಳುತ್ತೇವೆ. ಹಾಗೆ ಮಾಡಿದರೆ ಅರ್ಧ ಆಗುವುದೂ ಎರಡರಷ್ಟು ಆಗುವುದೂ ಸೊನ್ನೆಯಿಂದ ಒಂದೇ ದೂರದಲ್ಲಿ ಕೂರುತ್ತವೆ.

ಪ್ರತಿ ಟ್ರಯಲ್‌ಗೂ ಒಂದು ತೂಕ ಬೇಕು. ಆ ತೂಕ ಬರುವುದು ವೇರಿಯನ್ಸ್‌ನಿಂದ, ಅಂದರೆ ಆ ಉತ್ತರ ಎಷ್ಟು ಅಲುಗಾಡಬಹುದು ಅನ್ನುವ ಅಳತೆಯಿಂದ. 1ನ್ನು ಆ ನಾಲ್ಕು ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ಕೂಡಿದರೆ ವೇರಿಯನ್ಸ್, 1ನ್ನು ವೇರಿಯನ್ಸ್‌ನಿಂದ ಭಾಗಿಸಿದರೆ ತೂಕ. ಇದರ ಲೆಕ್ಕ ಕಾಗದದ ಮೇಲೇ ಆಗುತ್ತದೆ:

```
1/90 + 1/1069 + 1/118 + 1/1039 = 0.0215
1/0.0215 = 46.5
```

ಲಿಮಿಟ್-2ರ ತೂಕ 46.5. ಸಾಲಿನಲ್ಲಿ ಯಾವುದು ದೊಡ್ಡದು ನೋಡಿ, 1/90 ಮತ್ತು 1/118. ಅಂದರೆ ತೂಕವನ್ನು ತೀರ್ಮಾನಿಸುವುದು ರೋಗಿಗಳ ಸಂಖ್ಯೆಗಿಂತ ಹೆಚ್ಚಾಗಿ ಸಾವಿನ ಸಂಖ್ಯೆ. ಆ ಏಳರಲ್ಲೇ 1990ರ ಒಂದು ಸಣ್ಣ ಟ್ರಯಲ್‌ನಲ್ಲಿ 59 ಜನರಲ್ಲಿ 1 ಸಾವು, ಎದುರು ಗುಂಪಿನ 56 ಜನರಲ್ಲಿ 9 ಸಾವು. ಆಡ್ಸ್ ರೇಷಿಯೋ 0.09, ಕೇಳಿದರೆ ಪವಾಡ ಅನ್ನಿಸುತ್ತದೆ. ಆದರೆ ಆ ಒಂದೇ ಸಾವು 1/1 ಅಂತ ಸೇರುವುದರಿಂದ ತೂಕ ಬರೀ 0.87. ಐಸಿಸ್-4ರ ತೂಕ ಸುಮಾರು 999.

ಆ ಏಳು, ಲಿಮಿಟ್-2, ಐಸಿಸ್-4 ಸೇರಿ ಒಂಬತ್ತೂ ಟ್ರಯಲ್‌ಗಳನ್ನು ಈ ತೂಕದಲ್ಲೇ ಸೇರಿಸುವುದು ಫಿಕ್ಸೆಡ್ ಎಫೆಕ್ಟ್ ವಿಧಾನ. ಲೆಕ್ಕ ಮಾಡಿದರೆ ಆಡ್ಸ್ ರೇಷಿಯೋ 1.03. ಒಟ್ಟು ತೂಕದಲ್ಲಿ ಶೇ 94 ಐಸಿಸ್-4ರದ್ದೇ, ಹಾಗಾಗಿ ಅದು ಹೇಳಿದ್ದೇ ಉತ್ತರ.

ಇಲ್ಲಿ ವಿದ್ಯಾರ್ಥಿಗಳು ತಕ್ಷಣ ಹೇಳುತ್ತಾರೆ: "ಸರ್, ಹೆಟೆರೊಜೆನಿಟಿ ಜಾಸ್ತಿ ಇದೆ, ರ‍್ಯಾಂಡಮ್ ಎಫೆಕ್ಟ್ಸ್ ಹಾಕಬೇಕಲ್ವಾ?" ಹೆಟೆರೊಜೆನಿಟಿ ಅಂದರೆ ಟ್ರಯಲ್‌ಗಳ ಉತ್ತರಗಳು ಬರೀ ಆಕಸ್ಮಿಕದಿಂದ ಆಗುವುದಕ್ಕಿಂತ ಹೆಚ್ಚು ಬೇರೆ ಬೇರೆ ಇರುವುದು. ಆ ವ್ಯತ್ಯಾಸದಲ್ಲಿ ಎಷ್ಟು ಪಾಲು ಆಕಸ್ಮಿಕ ಅಲ್ಲ ಅಂತ ಹೇಳುವ ಸಂಖ್ಯೆ ಐ-ಸ್ಕ್ವೇರ್. ಈ ಒಂಬತ್ತಕ್ಕೆ ಅದು ಸುಮಾರು ಶೇ 64 ಬರುತ್ತದೆ, ಜಾಸ್ತಿಯೇ. ಪುಸ್ತಕದ ಪ್ರಕಾರ ವಿದ್ಯಾರ್ಥಿ ಹೇಳಿದ್ದು ಸರಿ. ಸಾಫ್ಟ್‌ವೇರ್‌ನಲ್ಲಿ ಬಟನ್ ಒತ್ತಿದರೆ ಉತ್ತರವೂ ಬರುತ್ತದೆ: ಆಡ್ಸ್ ರೇಷಿಯೋ 0.68. ಸಾವಿನ ಆಡ್ಸ್ ಸುಮಾರು ಮೂರನೇ ಒಂದು ಭಾಗ ಇಳಿದಂತೆ, ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ, ಮಾತ್ರ 1ಕ್ಕೆ ತಾಗಿಕೊಂಡಿದೆ. ಅವೇ ಒಂಬತ್ತು ಟ್ರಯಲ್, ಅವೇ ಸಾವುಗಳು!

ಹೇಗಾಯಿತು? ರ‍್ಯಾಂಡಮ್ ಎಫೆಕ್ಟ್ಸ್ ವಿಧಾನ ಟ್ರಯಲ್‌ಗಳ ನಡುವಿನ ವ್ಯತ್ಯಾಸವನ್ನು ಒಂದು ಸಂಖ್ಯೆಯಾಗಿ ಅಳೆದು, ಅದನ್ನು ಪ್ರತಿಯೊಂದರ ವೇರಿಯನ್ಸ್‌ಗೂ ಕೂಡಿಸುತ್ತದೆ. ಇಲ್ಲಿ ಆ ಸಂಖ್ಯೆ ಸುಮಾರು 0.12. ಐಸಿಸ್-4ರ ಸ್ವಂತ ವೇರಿಯನ್ಸ್ 0.001. ಅದಕ್ಕೆ 0.12 ಕೂಡಿಸಿದರೆ 999 ಇದ್ದ ತೂಕ 8ಕ್ಕೆ ಕುಸಿಯುತ್ತದೆ. 1990ರ ಆ ಸಣ್ಣ ಟ್ರಯಲ್‌ನ ವೇರಿಯನ್ಸ್ ಮೊದಲೇ 1ಕ್ಕಿಂತ ಜಾಸ್ತಿ, 0.12 ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದರ ತೂಕ 0.87ರಿಂದ 0.79ಕ್ಕೆ ಇಳಿಯಿತು ಅಷ್ಟೇ. ಸಾವಿರಪಟ್ಟು ಇದ್ದ ಅಂತರ ಹತ್ತುಪಟ್ಟಿಗೆ ಬಂತು. ಶೇ 94 ಮಾತಾಡುತ್ತಿದ್ದ ಐಸಿಸ್-4ಕ್ಕೆ ಈಗ ಶೇ 32 ಮಾತ್ರ.

ರ‍್ಯಾಂಡಮ್ ಎಫೆಕ್ಟ್ಸ್ ಹಾಕಿದರೆ ಸೇಫ್ ಅಂತ ಎಷ್ಟೋ ಜನ ಕಣ್ಣುಮುಚ್ಚಿ ಹೇಳುತ್ತಾರೆ. ಇಂಟರ್ವಲ್ ಅಗಲವಾಗುತ್ತದೆ, ಆ ಅರ್ಥದಲ್ಲಿ ನಿಜ. ಆದರೆ ಸಣ್ಣ ಟ್ರಯಲ್‌ಗಳೆಲ್ಲ ಒಂದೇ ಕಡೆ ವಾಲಿದ್ದರೆ ಈ ವಿಧಾನ ಅವಕ್ಕೆ ಜಾಸ್ತಿ ದನಿ ಕೊಡುತ್ತದೆ. ಡೈಮಂಡ್ ಆ ಕಡೆಗೇ ಸರಿಯುತ್ತದೆ. ಎರಡೂ ವಿಧಾನ ಹಾಕಿ ನೋಡಿ. ಉತ್ತರ ಹೀಗೆ ದೂರ ಹೋದರೆ ಸಣ್ಣ ಟ್ರಯಲ್‌ಗಳೂ ದೊಡ್ಡವೂ ಬೇರೆ ಬೇರೆ ಮಾತು ಹೇಳುತ್ತಿವೆ ಅಂತ ಅರ್ಥ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಒಂದು ವಿಷಯ. 1991ರ ಆ ಏಳು ಟ್ರಯಲ್‌ಗಳನ್ನು ಮಾತ್ರ ತೆಗೆದುಕೊಂಡರೆ ಐ-ಸ್ಕ್ವೇರ್ ಸುಮಾರು ಶೇ 23. ಅದನ್ನು ನೋಡಿದವರು ಹೆಟೆರೊಜೆನಿಟಿ ಕಡಿಮೆ, ತೊಂದರೆ ಇಲ್ಲ ಅಂತಲೇ ಬರೆಯುತ್ತಾರೆ. ಕಡಿಮೆ ಬಂದಿದ್ದು ಯಾಕೆ? ಟ್ರಯಲ್‌ಗಳು ಸಣ್ಣವು, ಒಂದೊಂದರ ಇಂಟರ್ವಲ್ಲೂ ಅಗಲ, ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಎಲ್ಲವೂ ಒಂದೇ ಕಡೆ ತಪ್ಪಿದರೆ ಐ-ಸ್ಕ್ವೇರ್ ಶಾಂತವಾಗಿಯೇ ಇರುತ್ತದೆ. ಪ್ರಕಟವಾಗದೇ ಉಳಿದ ಟ್ರಯಲ್ ಬಗ್ಗೆ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಪಿಯುಸಿ ರಿಸಲ್ಟ್ ಬಂದ ವಾರ ನಮ್ಮೂರಿನ ರಸ್ತೆಗಳಲ್ಲಿ ಫ್ಲೆಕ್ಸ್ ನೋಡಿರುತ್ತೀರಿ. ಪ್ರತಿ ಕಾಲೇಜಿನದ್ದೂ ಟಾಪರ್‌ಗಳ ಫೋಟೋ. ಆ ಫ್ಲೆಕ್ಸ್‌ಗಳಿಂದ ದಾವಣಗೆರೆಯ ಸರಾಸರಿ ಅಂಕ ಲೆಕ್ಕ ಹಾಕಿದರೆ ಏನು ಬರುತ್ತದೆ? ಪಬ್ಲಿಕೇಷನ್ ಬಯಾಸ್ ಅಂದರೆ ಅದೇ. ಲಾಭ ತೋರಿಸಿದ ಸಣ್ಣ ಟ್ರಯಲ್ ಜರ್ನಲ್ ಸೇರುತ್ತದೆ, ವ್ಯತ್ಯಾಸ ಕಾಣದ ಸಣ್ಣ ಟ್ರಯಲ್ ಬೀರುವಿನಲ್ಲಿ ಉಳಿಯುತ್ತದೆ. ದೊಡ್ಡ ಟ್ರಯಲ್ ಏನೇ ತೋರಿಸಲಿ, ಸಾಮಾನ್ಯವಾಗಿ ಹೊರಗೆ ಬರುತ್ತದೆ.

ಇದನ್ನು ಹಿಡಿಯಲು ಫನಲ್ ಪ್ಲಾಟ್. ಅಡ್ಡಕ್ಕೆ ಆಡ್ಸ್ ರೇಷಿಯೋ, ಉದ್ದಕ್ಕೆ ವೇರಿಯನ್ಸ್‌ನ ವರ್ಗಮೂಲವಾದ ಸ್ಟ್ಯಾಂಡರ್ಡ್ ಎರರ್, ಅದನ್ನು ತಲೆಕೆಳಗು ಮಾಡಿ ಇಡುತ್ತಾರೆ. ಹಾಗಾಗಿ ದೊಡ್ಡ ಟ್ರಯಲ್ ಮೇಲೆ, ಸಣ್ಣವು ಕೆಳಗೆ. ಸಣ್ಣ ಟ್ರಯಲ್‌ಗಳು ಆಕಸ್ಮಿಕದಿಂದ ಎರಡೂ ಕಡೆ ಚದುರಬೇಕು, ಮೇಲೆ ಹೋದಂತೆ ಚುಕ್ಕಿಗಳು ಒತ್ತಾಗಬೇಕು. ಬೋರಲು ಹಾಕಿದ ಆಲಿಕೆಯ ಆಕಾರ. ಮೆಗ್ನೀಸಿಯಂ ಚಿತ್ರ ಬರೆಯಿರಿ. ತುದಿಯಲ್ಲಿ ಐಸಿಸ್-4, 1ರ ಗೆರೆಯ ಪಕ್ಕದಲ್ಲೇ. ಸ್ವಲ್ಪ ಕೆಳಗೆ, ಎಡಕ್ಕೆ ಲಿಮಿಟ್-2. ಕೆಳಗಿನ ಏಳರಲ್ಲಿ ಐದು ಎಡಕ್ಕೆ ದೂರ ಹೋಗಿವೆ, ಒಂದು ಗೆರೆಗೆ ತಾಗಿದಂತಿದೆ, ಒಂದೇ ಒಂದು ಬಲಕ್ಕಿದೆ. ಬಲಗಡೆಯ ಕೆಳಮೂಲೆ ಖಾಲಿ. ಮೆಗ್ನೀಸಿಯಂ ಗುಂಪಿನಲ್ಲೇ ಆಕಸ್ಮಿಕವಾಗಿ ಸಾವು ಹೆಚ್ಚಾದ ಸಣ್ಣ ಟ್ರಯಲ್‌ಗಳು ಇರಬೇಕಾದ ಜಾಗ ಅದು.

ಹಾಗಂತ ಮೂಲೆ ಖಾಲಿ ಕಂಡ ಕೂಡಲೇ "ಮುಚ್ಚಿಟ್ಟಿದ್ದಾರೆ" ಅಂತ ಬರೆಯುವುದನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಹತ್ತಕ್ಕಿಂತ ಕಡಿಮೆ ಚುಕ್ಕಿಗಳಿದ್ದರೆ ಕಣ್ಣು ಮೋಸ ಹೋಗುತ್ತದೆ. ಎಗ್ಗರ್ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟ ಪರೀಕ್ಷೆಯನ್ನು ಹಾಕುವುದಕ್ಕೂ ಕನಿಷ್ಠ ಹತ್ತಾದರೂ ಟ್ರಯಲ್ ಬೇಕು ಅನ್ನುವುದು ರೂಢಿ. ಎರಡನೆಯದು, ಸಣ್ಣ ಟ್ರಯಲ್‌ಗಳಲ್ಲಿ ಯಾರಿಗೆ ಮದ್ದು ಅಂತ ಚೀಟಿ ಎತ್ತಿದಂತೆ ಹಂಚುವ ರ‍್ಯಾಂಡಮೈಸೇಷನ್ ಸಡಿಲವಾಗಿದ್ದರೂ ಇದೇ ಆಕಾರ ಬರುತ್ತದೆ. ಸಣ್ಣ ಟ್ರಯಲ್‌ಗಳ ರೋಗಿಗಳೇ ಬೇರೆ ಥರ ಇದ್ದರೆ, ಮದ್ದು ಕೊಟ್ಟ ಸಮಯ ಬೇರೆ ಇದ್ದರೆ ಆಗಲೂ ಬರುತ್ತದೆ. ಮೆಗ್ನೀಸಿಯಂ ಪರ ಇದ್ದವರ ವಾದ ಇದೇ ಆಗಿತ್ತು: ಐಸಿಸ್-4ರಲ್ಲಿ ತಡವಾಗಿ ಕೊಟ್ಟಿದ್ದಾರೆ, ಅದಕ್ಕೇ ಕೆಲಸ ಮಾಡಲಿಲ್ಲ. ಅದು ಹುಸಿ ವಾದ ಅಲ್ಲ, ಪರೀಕ್ಷೆ ಮಾಡಿ ನೋಡಬೇಕಾದ ವಾದ. ಮಾಡಿಯೂ ನೋಡಿದರು. 2002ರ ಮ್ಯಾಜಿಕ್ ಟ್ರಯಲ್‌ನಲ್ಲಿ ಬೇಗನೇ ಕೊಟ್ಟರು, ಎರಡೂ ಗುಂಪು ಸೇರಿ 6,213 ರೋಗಿಗಳು. 30 ದಿನಗಳ ಸಾವು ಮೆಗ್ನೀಸಿಯಂ ಗುಂಪಿನಲ್ಲಿ ಶೇ 15.3, ಇನ್ನೊಂದರಲ್ಲಿ ಶೇ 15.2.

ಈ ಖಾಲಿ ಮೂಲೆಯನ್ನು ತಯಾರು ಮಾಡುವವರಲ್ಲಿ ನಾವೂ ಇದ್ದೇವೆ. ನನಗೆ ಗೊತ್ತಿರುವ ಒಂದು ಕಾಲೇಜಿನ ಲೈಬ್ರರಿಯಲ್ಲಿ ರಟ್ಟು ಹಾಕಿ ಬೈಂಡ್ ಮಾಡಿದ ಥೀಸಿಸ್‌ಗಳು ಸಾಲಾಗಿ ನಿಂತಿವೆ. ತೆಗೆದು ನೋಡಿದರೆ ಎಷ್ಟೋ ಕಡೆ ಕೊನೆಯ ಸಾಲು "ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ". ಅವುಗಳ ಕಥೆ ಅಲ್ಲಿಗೇ ಮುಗಿಯುತ್ತದೆ. ಗೈಡ್ ಕೂಡ "ಪಾಸಿಟಿವ್ ಬಂದಿಲ್ಲ ಬಿಡಮ್ಮ, ಯಾರು ಹಾಕ್ಕೋತಾರೆ" ಅನ್ನುತ್ತಾರೆ. ಭಾರತದಲ್ಲಿ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿ 2007ರಿಂದ ಇದೆ. ಟ್ರಯಲ್ ಶುರುವಾಯಿತು ಅಂತ ಅಲ್ಲಿ ಗೊತ್ತಾದರೂ, ಏನು ಸಿಕ್ಕಿತು ಅಂತ ನಾವೇ ಬರೆಯದಿದ್ದರೆ ಮೆಟಾ-ಅನಾಲಿಸಿಸ್ ಮಾಡುವವರಿಗೆ ಸಾವಿನ ಸಂಖ್ಯೆ ಎಲ್ಲಿಂದ ಬರಬೇಕು?

ದಾವಣಗೆರೆ, ಚಿತ್ರದುರ್ಗದ ಯಾರ ಬಳಿಯಾದರೂ ವ್ಯತ್ಯಾಸ ಸಿಗದೆ ಮೂಲೆಗೆ ಹಾಕಿದ ಥೀಸಿಸ್ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಎರಡು ಗುಂಪಿನಲ್ಲಿ ಎಷ್ಟೆಷ್ಟು ಜನ, ಎಷ್ಟೆಷ್ಟು ಘಟನೆ ಅನ್ನುವ ನಾಲ್ಕು ಸಂಖ್ಯೆ ಇದ್ದರೂ ಸಾಕು. ಕೂತು ಬರೆದು ಕಳಿಸೋಣ, ಲೆಕ್ಕದ ಭಾಗ ನಾನು ನೋಡಿಕೊಳ್ಳುತ್ತೇನೆ.