ಶಟರಿನೊಳಗೆ ಮೊಳಗಿದ ತುರ್ತು ಸೇವೆ

ಬಾಗಲಕೋಟೆಯಲ್ಲಿ ಹೋಳಿ ಹಬ್ಬಕ್ಕೆ ಅಂಗಡಿ ಮುಚ್ಚುವುದು ಸುದ್ದಿಯೇ ಅಲ್ಲ. ಕಿಲ್ಲೆಯಿಂದ ವೆಂಕಟಪೇಟೆಯವರೆಗೆ ಹಲಗೆ ಮೊಳಗಿ, ಬಣ್ಣದ ಬ್ಯಾರಲ್ ಹೊತ್ತ ಬಂಡಿಗಳು ಬೀದಿಗಿಳಿದ ಮೇಲೆ ಶಟರ್ ತೆರೆದಿಟ್ಟವನೇ ಅಪರಾಧಿ. ಹಾಗಾಗಿ ನನ್ನ ತಕರಾರು ಮುಚ್ಚಿದ್ದರ ಬಗ್ಗೆ ಅಲ್ಲ, ಮುಚ್ಚುತ್ತೇವೆಂದು ತಿಳಿಸಿದ ಬಗೆಯದು.

ನಮ್ಮ ಫ್ರಿಜ್ ರಿಪೇರಿ ಮಾಡುವ ಸರ್ವಿಸ್ ಸೆಂಟರಿನವರು ಕಾಮದಹನದ ರಾತ್ರಿ ಹತ್ತೂ ಮುಕ್ಕಾಲಿಗೆ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದರು. ಮುಕ್ಕಾಲು ಭಾಗದಲ್ಲಿ ರಾಧಾಕೃಷ್ಣರು, ಪಿಚಕಾರಿ ಮತ್ತು ಕೈಮುಗಿದು ನಿಂತ ಮಾಲೀಕರು. ಉಳಿದ ಜಾಗದಲ್ಲಿ, ಗುಲಾಬಿ ಬಣ್ಣದ ಮೇಲೆ ಕೆಂಪು ಅಕ್ಷರಗಳಲ್ಲಿ, ಜೀರಿಗೆ ಕಾಳಿನಷ್ಟು ಸಣ್ಣದಾಗಿ ಹೀಗೆ ಬರೆದಿತ್ತು: "ಹಬ್ಬದ ನಿಮಿತ್ತ ನಮ್ಮ ಸೇವೆ ಬಂದ್ ಇರುತ್ತದೆ. ಗ್ರಾಹಕರು ಸಹಕರಿಸಬೇಕು. ತುರ್ತು ಇದ್ದಲ್ಲಿ ಕರೆ ಮಾಡಿ." ಯಾವ ದಿನದಿಂದ ಯಾವ ದಿನದವರೆಗೆ? ಮಾಲೀಕರು ಹೇಳಿರಲಿಲ್ಲ, ಕೃಷ್ಣನಂತೂ ಕೊಳಲಿನಲ್ಲಿ ಮಗ್ನನಾಗಿದ್ದ.

ಮರುದಿನ ಬೆಳಿಗ್ಗೆ ನಮ್ಮ ಫ್ರಿಜ್ ಕೂಡ ಹಬ್ಬಕ್ಕೆ ಸಹಕರಿಸಿತು. ಒಳಗಿನ ದೀಪ ಉರಿಯುತ್ತಿತ್ತು, ಕಂಪ್ರೆಸರಿನ ಗುಂಯ್ ಸದ್ದು ಮಾತ್ರ ಇರಲಿಲ್ಲ. ಹಾಲು ಒಡೆದರೆ ಪನೀರು ಮಾಡಬಹುದು. ಆದರೆ ಬಾಗಿಲಿನ ಅರೆಯಲ್ಲಿ ಅವ್ವನ ಇನ್ಸುಲಿನ್ ಇತ್ತು, ಅದೂ ಇನ್ನೂ ತೆರೆಯದ ಎರಡು ಪೆನ್ನು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಮಾರ್ಚ್ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ 8 ಡಿಗ್ರಿ ಹುಡುಕುವುದಕ್ಕಿಂತ ಮಲಪ್ರಭೆಯಲ್ಲಿ ಮಂಜುಗಡ್ಡೆ ಹುಡುಕುವುದು ಸುಲಭ.

ತುರ್ತು ಸಂಖ್ಯೆಗೆ ಕರೆ ಮಾಡಿದೆ. ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಆರು ಬಾರಿ ಹೀಗೇ ಆಯಿತು. ಬಣ್ಣದಲ್ಲಿ ಮಿಂದರೂ ಪರವಾಗಿಲ್ಲವೆಂದು ಅಂಗಡಿಯವರೆಗೆ ನಡೆದು, ಮುಚ್ಚಿದ ಶಟರಿನ ಮುಂದೆ ನಿಂತು ಏಳನೆಯ ಬಾರಿ ಒತ್ತಿದೆ. ಒಳಗಿನಿಂದ ಟ್ರಿಣ್ ಟ್ರಿಣ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸಿತು. ತುರ್ತು ಸೇವೆಯ ಸಂಖ್ಯೆ ಅಂಗಡಿಯ ಮೇಜಿನ ಮೇಲಿನ ಲ್ಯಾಂಡ್‌ಲೈನಿನದಾಗಿತ್ತು. ಪಕ್ಕದಲ್ಲಿ ತಲೆಯಿಂದ ಪಾದದವರೆಗೆ ಹಸಿರಾಗಿದ್ದ ಹುಡುಗನೊಬ್ಬ ಕಿವಿಗೊಟ್ಟು ಕೇಳಿ, "ಒಳಗೆ ಯಾರೋ ಇದ್ದಾರೆ, ಎತ್ತುತ್ತಿಲ್ಲ ನೋಡಿ ಅಣ್ಣ" ಎಂದ. ಸತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿರಲಿಲ್ಲ.

ಚಿತ್ರದ ತುದಿಯಲ್ಲಿ ದೂರು ದಾಖಲಿಸುವ ಇನ್ನೊಂದು ಸಂಖ್ಯೆಯಿತ್ತು. ಅಲ್ಲಿಗೆ ಸಂದೇಶ ಕಳಿಸಿದ ಕೂಡಲೇ ಉತ್ತರ ಬಂತು: "ನಿಮ್ಮ ತುರ್ತನ್ನು ಸ್ವೀಕರಿಸಿದ್ದೇವೆ. 48 ಕೆಲಸದ ಗಂಟೆಗಳೊಳಗೆ ಪರಿಹರಿಸಲಾಗುವುದು." ಕೆಲಸದ ಗಂಟೆ ಎಂಬುದು ಅದ್ಭುತ ವಸ್ತು. ದಿನಕ್ಕೆ ಎಂಟರಂತೆ ಲೆಕ್ಕ ಹಾಕಿದರೆ 48 ಗಂಟೆಯೆಂದರೆ ಆರು ದಿನ, ಅದೂ ಅಂಗಡಿ ತೆರೆದ ಮೇಲೆ. ಮೂರು ದಿನದ ಬಣ್ಣ, ಮೇಲೊಂದು ಭಾನುವಾರ ಸೇರಿದರೆ ತುರ್ತಿಗೆ ಹತ್ತು ದಿನ. ಹಾಗಾದರೆ ತುರ್ತಲ್ಲದ್ದು ಯುಗಾದಿಗೆ.

ಮರಳುವ ದಾರಿಯಲ್ಲಿ ಒಂದು ಔಷಧ ಅಂಗಡಿಯೂ ಮುಚ್ಚಿತ್ತು. ಶಟರಿಗೆ ರಟ್ಟಿನ ತುಂಡು ಕಟ್ಟಿದ್ದರು. ಅದರಲ್ಲಿ ರಾಧೆಯೂ ಇರಲಿಲ್ಲ, ಶುಭಾಶಯವೂ ಇರಲಿಲ್ಲ. "ಇಂದಿನಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ 10, ಸಂಜೆ 6ರಿಂದ 9. ನಡುವೆ ಬೇಕಾದರೆ ಹಿಂದಿನ ಓಣಿ, ನೀಲಿ ಬಾಗಿಲು, ಬಡಿಯಿರಿ. ಸಕ್ಕರೆ, ಬಿಪಿ, ಹೃದಯದ ಔಷಧ, ಮಕ್ಕಳ ಜ್ವರಕ್ಕೆ ಮಾತ್ರ. ಬಣ್ಣ ತೊಳೆಯುವ ಶಾಂಪೂ ಕೇಳಬೇಡಿ." ಕೊನೆಯ ಸಾಲಿನಲ್ಲಿ ಹಿಂದಿನ ವರ್ಷದ ನೋವು ಕಾಣುತ್ತಿತ್ತು.

ನೀಲಿ ಬಾಗಿಲು ಬಡಿದೆ. ಒಂದು ಕಿವಿಗೆ ಮಾತ್ರ ಬಣ್ಣ ಹತ್ತಿದ್ದ ಯಜಮಾನರು ಬಂದು ಎಲ್ಲವನ್ನೂ ಕೇಳಿಸಿಕೊಂಡರು. ತೆರೆಯದ ಎರಡು ಪೆನ್ನನ್ನು ತಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಲು ಒಪ್ಪಿದರು. "ಐಸ್ ತುಂಡಿನ ಮೇಲೆ ಇಟ್ಟು ತರಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ, ಸಾಕು" ಎಂದರು. ಅವ್ವ ಈಗ ಬಳಸುತ್ತಿರುವ ಪೆನ್ನಿಗೆ ಫ್ರಿಜ್ಜೇ ಬೇಕೆಂದಿಲ್ಲ, ಬಿಸಿಲು ತಾಗದಂತೆ ಮನೆಯ ತಂಪಾದ ಮೂಲೆಯಲ್ಲಿ ಇಡಿ ಎಂದೂ ಹೇಳಿದರು. ಈ ಇಡೀ ವ್ಯವಹಾರಕ್ಕೆ ಐದು ನಿಮಿಷ ಹಿಡಿಯಿತು. ಕೆಲಸದ ನಿಮಿಷವೋ ಹಬ್ಬದ ನಿಮಿಷವೋ ಅವರು ಹೇಳಲಿಲ್ಲ.

ಸರ್ವಿಸ್ ಸೆಂಟರಿನ ಹುಡುಗ ಒಂಬತ್ತನೆಯ ದಿನ ಬಂದ. ಕಂಪ್ರೆಸರಿನ ಪಕ್ಕದ ರಿಲೇ ಸುಟ್ಟಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾಗ, ಹತ್ತು ನಿಮಿಷದ ಕೆಲಸ. ಅದನ್ನು ಬದಲಿಸಿ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ. ಮೇಲಿನಿಂದ ಕೆಳಗಿನವರೆಗೆ ಬರಿದಾಗಿತ್ತು. ಅವನು ದೂರಿನ ಚೀಟಿಯನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ ಕೇಳಿದ:

"ತುರ್ತು ಎಂದು ಬರೆಸಿದ್ದೀರಿ ಸರ್. ಒಳಗೆ ಏನೂ ಇಲ್ಲವಲ್ಲ?"